ಬೆಳಗಿನ ಐದೂವರೆಗೆ ಕೌಂಟರ್‌ನಲ್ಲಿ ಯಾರಿರಬೇಕು? ಹೋಟೆಲ್ ರೆಸ್ಯೂಮೆ ಓದುವ ಬಗೆ

(ಹುಬ್ಬಳ್ಳಿಯಲ್ಲಿ ಸಣ್ಣ ಮತ್ತು ಮಧ್ಯಮ ಗಾತ್ರದ ಹೋಟೆಲ್‌ಗಳ ಮಾಲೀಕರು, ಮ್ಯಾನೇಜರ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಹುದ್ದೆ ಇಟ್ಟುಕೊಂಡು ಮಾತಾಡುತ್ತೇನೆ: ಫ್ರಂಟ್ ಆಫೀಸ್. ಕಿಚನ್‌ಗೆ ಆಳು ಬೇಕಾದರೆ ಒಂದು ದಿನ ಒಲೆ ಮುಂದೆ ನಿಲ್ಲಿಸಿ ನೋಡಬಹುದು. ಹೌಸ್‌ಕೀಪಿಂಗ್‌ನವರಿಗೆ ಒಂದು ರೂಮ್ ಕೊಟ್ಟು ನೋಡಬಹುದು. ಕೌಂಟರ್‌ನಲ್ಲಿ ಕೂರುವವರನ್ನು ಹಾಗೆ ನೋಡುವುದು ಕಷ್ಟ. ಅವರ ಕೈಗೆ ಗಲ್ಲಾಪೆಟ್ಟಿಗೆಯ ಕೀಲಿಯೂ ಸಾಫ್ಟ್‌ವೇರಿನ ಲಾಗಿನ್ನೂ ಹೋಗುತ್ತದೆ. ಅದಕ್ಕೇ ಇಲ್ಲಿ ರೆಸ್ಯೂಮೆ ಓದುವುದು ಜಾಸ್ತಿ ಮುಖ್ಯ.

ನಮ್ಮಲ್ಲಿ ಜಾಹೀರಾತು ಹೇಗಿರುತ್ತದೆ ನೋಡಿ. "ಫ್ರಂಟ್ ಆಫೀಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ಅತಿಥಿ ಸೇವೆ ಗೊತ್ತಿರಬೇಕು. ಹೋಟೆಲ್ ಸಾಫ್ಟ್‌ವೇರ್ ಬರಬೇಕು. ಎಲ್ಲಾ ಪಾಳಿಗೂ ಸಿದ್ಧರಿರಬೇಕು." ಇದಕ್ಕೆ ನಲವತ್ತು ರೆಸ್ಯೂಮೆ ಬರುತ್ತವೆ. ನಲವತ್ತರಲ್ಲೂ ಇವೇ ಮೂರು ಮಾತು ಇರುತ್ತವೆ. ನಾವು ಕೇಳಿದ್ದನ್ನೇ ಅವರು ಬರೆದು ಕಳಿಸಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನಮಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಆಮೇಲೆ ನಾವು ಯಾವ ಹೋಟೆಲ್ ಹೆಸರು ದೊಡ್ಡದು, ಯಾರ ಫೋಟೊ ಚೆನ್ನಾಗಿದೆ ಅಂತ ನೋಡಿ ಐವರನ್ನು ಕರೆಯುತ್ತೇವೆ.

ನಾನು ಹೇಳಬೇಕು ಅಂತಿರುವುದು ಇಷ್ಟೇ. ರೆಸ್ಯೂಮೆ ಕೈಗೆ ತಗೊಳ್ಳುವ ಮೊದಲು, ನಿಮ್ಮ ಹೋಟೆಲ್‌ನಲ್ಲಿ ನಿಜವಾಗಿ ನಡೆಯುವ ಒಂದು ಕಷ್ಟದ ಸಂದರ್ಭ ಬರೆದಿಟ್ಟುಕೊಳ್ಳಿ. ಅತಿಥಿ ಸೇವೆ, ಸಾಫ್ಟ್‌ವೇರ್, ಪಾಳಿ ಮೂರೂ ಒಟ್ಟಿಗೆ ಬರುವಂಥದ್ದಾಗಿರಬೇಕು. ಆಮೇಲೆ ರೆಸ್ಯೂಮೆಯ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿ: ಆ ಹೊತ್ತಿನಲ್ಲಿ ಇದು ಕೆಲಸಕ್ಕೆ ಬರುತ್ತದಾ?

ಹುಬ್ಬಳ್ಳಿಯಲ್ಲಿ ಅಂಥ ಸಂದರ್ಭ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ರಾತ್ರಿ ಹೊರಟ ರೈಲು, ಬಸ್ಸು ಬೆಳಗಿನ ಜಾವ ಇಲ್ಲಿಗೆ ಬರುತ್ತವೆ. ಅದರಲ್ಲಿ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗುವ ವಕೀಲರಿರುತ್ತಾರೆ, ಔಷಧ ಕಂಪನಿಯ ಪ್ರತಿನಿಧಿಗಳಿರುತ್ತಾರೆ, ಮದುವೆಗೆ ಬಂದವರಿರುತ್ತಾರೆ. ಸ್ನಾನ ಮಾಡಿ ಒಂಬತ್ತಕ್ಕೆ ಹೊರಡಬೇಕು ಅಂತ ಅವಸರ. ಒಬ್ಬರು 14ನೇ ತಾರೀಖಿಗೆ ಅಂತ ಆನ್‌ಲೈನ್‌ನಲ್ಲಿ ರೂಮ್ ಬುಕ್ ಮಾಡಿ, ದುಡ್ಡು ಕಟ್ಟಿ, 14ರ ರಾತ್ರಿ ರೈಲು ಹತ್ತುತ್ತಾರೆ. 15ರ ಬೆಳಿಗ್ಗೆ ಐದೂವರೆಗೆ ನಿಮ್ಮ ಕೌಂಟರ್ ಮುಂದೆ ನಿಂತಿರುತ್ತಾರೆ. ಬಂದ ಕೂಡಲೇ ರೂಮ್ ಸಿಗಲಿ ಅಂತಲೇ ಅವರು ಹಿಂದಿನ ದಿನದ ಬಾಡಿಗೆ ಕೊಟ್ಟಿರುವುದು.

ಇತ್ತ ಹೋಟೆಲ್‌ನಲ್ಲಿ ರಾತ್ರಿ ಎರಡಕ್ಕೆ ನೈಟ್ ಆಡಿಟ್ ಮುಗಿದಿರುತ್ತದೆ. ಇಲ್ಲಿ ಕೆಲವರು ಲೆಡ್ಜರ್ ಇಟ್ಟೇ ನಡೆಸುವವರಿದ್ದೀರಿ, ಹಾಗಾಗಿ ಒಂದು ಮಾತು ಬಿಡಿಸಿ ಹೇಳುತ್ತೇನೆ. ಹೋಟೆಲ್ ಸಾಫ್ಟ್‌ವೇರಿನ ತಾರೀಖು ಸಾಮಾನ್ಯವಾಗಿ ನಡುರಾತ್ರಿ ಹನ್ನೆರಡಕ್ಕೆ ತಾನಾಗಿ ಬದಲಾಗುವುದಿಲ್ಲ. ನೈಟ್ ಆಡಿಟ್ ಮಾಡಿದಾಗ ಬದಲಾಗುತ್ತದೆ. ಆಗ ತುಂಬಿರುವ ಎಲ್ಲ ರೂಮಿಗೂ ಆ ದಿನದ ಬಾಡಿಗೆ ಬೀಳುತ್ತದೆ. ನಗದು, ಕಾರ್ಡ್, ಯುಪಿಐ ಲೆಕ್ಕ ತಾಳೆಯಾಗಬೇಕು. ಬರಬೇಕಿದ್ದು ಬಾರದ ಬುಕಿಂಗ್‌ಗಳು "ನೋ ಶೋ" ಪಟ್ಟಿಗೆ ಹೋಗುತ್ತವೆ. ನಮ್ಮ ವಕೀಲರು ಇನ್ನೂ ರೈಲಿನಲ್ಲಿ ಮಲಗಿದ್ದಾರೆ, ಅವರ ಬುಕಿಂಗ್ ಇಲ್ಲಿ ನೋ ಶೋ ಆಗಿದೆ.

ಐದೂವರೆಗೆ ಕೌಂಟರಿನ ಹುಡುಗ ಹೆಸರು ಟೈಪ್ ಮಾಡುತ್ತಾನೆ. ಇವತ್ತು ಬರುವವರ ಪಟ್ಟಿಯಲ್ಲಿ ಹೆಸರಿಲ್ಲ. "ನಿಮ್ಮ ಬುಕಿಂಗ್ ಇಲ್ಲ ಸರ್" ಅಂದುಬಿಡುತ್ತಾನೆ. ಅವರು ಮೊಬೈಲ್ ತೆಗೆದು ದುಡ್ಡು ಕಟ್ಟಿದ್ದು ತೋರಿಸುತ್ತಾರೆ. ಅಲ್ಲಿಗೆ ಜಗಳ ಶುರು.

ಕೆಲಸ ಗೊತ್ತಿದ್ದವರು ಮೊದಲು ವೋಚರ್‌ನಲ್ಲಿರುವ ತಾರೀಖು ನೋಡುತ್ತಾರೆ. 14 ಅಂತ ಕಂಡ ತಕ್ಷಣ ನಿನ್ನೆಯ ನೋ ಶೋ ಪಟ್ಟಿ ತೆರೆದು ಬುಕಿಂಗ್ ಮರಳಿ ಜೀವಂತ ಮಾಡುತ್ತಾರೆ. ತೊಳೆದು ಸಿದ್ಧವಿರುವ ರೂಮ್ ಕೊಡುತ್ತಾರೆ. 14ನೇ ತಾರೀಖು ಮುಚ್ಚಿಹೋಗಿರುವುದರಿಂದ ಆ ದಿನದ ಬಾಡಿಗೆಯನ್ನು ಹಿಂದಕ್ಕೆ ಹಾಕಲು ಬರುವುದಿಲ್ಲ. ಅದನ್ನು ಇವತ್ತಿನ ತಾರೀಖಿನಲ್ಲಿ ಕಾರಣ ಬರೆದು ಹಾಕಿ, ಮ್ಯಾನೇಜರ್‌ಗೆ ಚೀಟಿ ಇಡುತ್ತಾರೆ.

ಇನ್ನೂ ಚೆನ್ನಾಗಿ ಗೊತ್ತಿದ್ದವರು ಇಲ್ಲಿವರೆಗೂ ಬರಲು ಬಿಡುವುದೇ ಇಲ್ಲ. ಮಧ್ಯಾಹ್ನದ ಪಾಳಿಯವರು ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೂ ಬಾರದವರ ಪಟ್ಟಿ ತೆಗೆದು, ದುಡ್ಡು ಕಟ್ಟಿದವರಿಗೆ ಫೋನ್ ಮಾಡುತ್ತಾರೆ. "ರೈಲಲ್ಲಿದ್ದೀನಿ, ಬೆಳಿಗ್ಗೆ ಬರ್ತೀನಿ" ಅಂತ ಉತ್ತರ ಬಂದರೆ ಲಾಗ್ ಬುಕ್‌ನಲ್ಲಿ ಬರೆದು ರಾತ್ರಿಯವರಿಗೆ ಒಪ್ಪಿಸುತ್ತಾರೆ. ರಾತ್ರಿಯವರು ಆಡಿಟ್‌ಗೆ ಮೊದಲೇ ಆ ಬುಕಿಂಗ್‌ಗೆ ರೂಮ್ ಹಾಕಿ ಸಿಸ್ಟಮ್‌ನಲ್ಲಿ ಚೆಕ್‌ಇನ್ ಮಾಡುತ್ತಾರೆ. 14ರ ಬಾಡಿಗೆ 14ಕ್ಕೇ ಬೀಳುತ್ತದೆ. ಅತಿಥಿ ಬಂದಾಗ ಗುರುತಿನ ಚೀಟಿ ನೋಡಿ ಸಹಿ ತಗೊಂಡು ಕೀಲಿ ಕೊಟ್ಟರೆ ಮುಗಿಯಿತು.

ಅದೇ ರೈಲಿನಲ್ಲಿ 15ನೇ ತಾರೀಖಿಗೆ ಬುಕ್ ಮಾಡಿದವರೂ ಬರುತ್ತಾರೆ. ಅವರಿಗೆ ರೂಮ್ ಸಲ್ಲುವುದು ಮಧ್ಯಾಹ್ನಕ್ಕೆ. ನಮ್ಮಲ್ಲಿ ಕೆಲವು ಕಡೆ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ, ಕೆಲವು ಕಡೆ ಮಧ್ಯಾಹ್ನ 12ಕ್ಕೆ ಚೆಕ್‌ಔಟ್. ನಿಮ್ಮದು ಯಾವುದೋ ಅದರ ಮೇಲೆ ಉತ್ತರ ಬೇರೆ ಆಗುತ್ತದೆ. ಖಾಲಿ ರೂಮ್ ಇದ್ದರೆ ಇಷ್ಟು ಹೆಚ್ಚಿಗೆ ಆಗುತ್ತದೆ ಅಂತ ಮೊದಲೇ ಹೇಳಬೇಕು. ಇಲ್ಲದಿದ್ದರೆ ಲಗೇಜ್ ಇಟ್ಟುಕೊಂಡು, ಮುಖ ತೊಳೆಯಲು ಜಾಗ ತೋರಿಸಿ, ಎಷ್ಟು ಗಂಟೆಗೆ ಸಿಗುತ್ತದೆ ಅಂತ ಖಚಿತ ಸಮಯ ಹೇಳಬೇಕು. "ಸ್ವಲ್ಪ ಹೊತ್ತು ಕೂಡ್ರಿ" ಅಂತ ಹೇಳಿ ಸುಮ್ನೆ ಕೂರಿಸುವುದೇ ಹೆಚ್ಚಿನ ದೂರುಗಳಿಗೆ ಕಾರಣ.

ಈಗ ಒಂದು ರೆಸ್ಯೂಮೆ ತೆಗೆದುಕೊಳ್ಳೋಣ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಗದಗ ಕಡೆಯ ಹೆಣ್ಣುಮಗಳು. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಆಗಿದೆ. ಗೋವಾದ ದೊಡ್ಡ ರೆಸಾರ್ಟ್ ಒಂದರಲ್ಲಿ ಆರು ತಿಂಗಳ ಟ್ರೈನಿಂಗ್, ಆಮೇಲೆ ಬೆಳಗಾವಿಯ 38 ರೂಮಿನ ಹೋಟೆಲ್‌ನಲ್ಲಿ ಎರಡು ವರ್ಷ ಕೆಲಸ. ಅರ್ಜಿ ಹಾಕಿದ್ದು ಇಲ್ಲಿನ 60 ರೂಮಿನ ಹೋಟೆಲ್‌ಗೆ.

ಮೊದಲ ಸಾಲು: "ಉತ್ತಮ ಸಂವಹನ, ನಗುಮುಖದ ಸೇವೆ." ಇದಕ್ಕೆ ಅಂಕವೂ ಇಲ್ಲ, ಕಳೆಯುವುದೂ ಇಲ್ಲ. ಮುಂದೆ ಹೋಗಿ.

ಎರಡನೇ ಸಾಲು: "ದಿನಕ್ಕೆ 25ರಿಂದ 30 ಚೆಕ್‌ಇನ್ ನಿರ್ವಹಣೆ." ಇಲ್ಲಿ ನಿಲ್ಲಬೇಕು. ಅಂಕಿ ಇದ್ದ ಸಾಲು ಅಂದರೆ ಪರೀಕ್ಷಿಸಬಹುದಾದ ಸಾಲು. 38 ರೂಮಿನಲ್ಲಿ ಮುಕ್ಕಾಲು ಭಾಗ ತುಂಬಿದೆ ಅಂದುಕೊಳ್ಳಿ, ಸುಮಾರು 28 ರೂಮು ಆಯಿತು. ಒಬ್ಬ ಅತಿಥಿ ಸರಾಸರಿ ಒಂದೂವರೆ ರಾತ್ರಿ ಉಳಿಯುತ್ತಾನೆ ಅಂದರೆ ದಿನಕ್ಕೆ ಹೊಸದಾಗಿ ಬರುವವರು 19ರಷ್ಟು. ಅದೂ ಮೂರೂ ಪಾಳಿ ಸೇರಿ. ಒಬ್ಬರೇ 30 ಚೆಕ್‌ಇನ್ ಮಾಡುವುದು ಆಗದ ಮಾತು.

ಹಾಗಂತ ರೆಸ್ಯೂಮೆ ಪಕ್ಕಕ್ಕೆ ಎಸೆಯಬೇಕಾ? ಬೇಡ. ಎಲ್ಲಿಂದ ಬಂತು ಈ ಅಂಕಿ ಅಂತ ಕೇಳಿ. ಆಕೆ ಕೊಟ್ಟ ಉತ್ತರ ಹೀಗಿತ್ತು: "ಚೆಕ್‌ಇನ್, ಚೆಕ್‌ಔಟ್ ಎರಡೂ ಕೂಡಿಸಿ ಬರ್ದೀನ್ರಿ ಸರ್. ಅದೂ ಮದುವಿ ಸೀಸನ್‌ನ್ಯಾಗ. ಬಾಕಿ ದಿನ ಹನ್ನೆರಡು, ಹದಿನೈದು ಅಷ್ಟ." ಇದು ಲೆಕ್ಕಕ್ಕೆ ಕೂಡುತ್ತದೆ. ಕೇಳಿದ ತಕ್ಷಣ ಬಿಡಿಸಿ ಹೇಳಿದರು ಅಂದರೆ ಕೆಲಸ ಮಾಡಿದ್ದಾರೆ ಅಂತ ಅರ್ಥ. "ಅಷ್ಟೇ ಇರ್ತಿತ್ತು ಸರ್" ಅಂತ ಹಟ ಹಿಡಿಯುವವರ ಬಗ್ಗೆ ಹುಷಾರಾಗಿರಿ.

ಮೂರನೇ ಸಾಲು: "ಮದುವೆ ಗುಂಪುಗಳ ರೂಮ್ ಹಂಚಿಕೆ." ನನ್ನ ಪ್ರಕಾರ ಇಡೀ ಹಾಳೆಯಲ್ಲಿ ಅತಿಥಿ ಸೇವೆಯ ಗಟ್ಟಿ ಸಾಕ್ಷಿ ಇದೇ. ಆಕೆ ಇದನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಮದುವೆ ಗುಂಪು ಅಂದರೆ ಹದಿನೈದು ರೂಮು ಒಬ್ಬರ ಹೆಸರಲ್ಲಿ ಇರುತ್ತವೆ, ಬರುವವರು ಬೇರೆ ಬೇರೆ ಹೊತ್ತಿನಲ್ಲಿ ಬರುತ್ತಾರೆ. ಅಜ್ಜಿಗೆ ಕೆಳಗಿನ ಅಂತಸ್ತೇ ಬೇಕು. ಬೀಗರಿಗೆ ಎಸಿ ರೂಮು ಕೊಟ್ಟಿಲ್ಲ ಅಂದರೆ ಮನೆತನದ ಮಾತಾಗುತ್ತದೆ. ಊಟದ ಬಿಲ್ಲು ಯಾರದು, ಲಾಂಡ್ರಿ ಬಿಲ್ಲು ಯಾರದು ಅಂತ ಕೊನೆಯ ದಿನ ತಕರಾರು. ಇದನ್ನು ಎರಡು ಸೀಸನ್ ನಿಭಾಯಿಸಿದವರಿಗೆ ಬೆಳಗಿನ ಐದೂವರೆಯ ವಕೀಲರು ಕಷ್ಟ ಆಗುವುದಿಲ್ಲ. ಸೇವೆಯ ಬಗ್ಗೆ ರೆಸ್ಯೂಮೆಯಲ್ಲಿ ಗುಣವಾಚಕ ಹುಡುಕಬೇಡಿ. ಎಂಥ ಅತಿಥಿಗಳ ಜೊತೆ ಕೆಲಸ ಮಾಡಿದ್ದಾರೆ ಅಂತ ಹುಡುಕಿ.

ಸಂದರ್ಶನದಲ್ಲಿ ಈ ಸಾಲಿನ ಮೇಲೆ ಒಂದೇ ಪ್ರಶ್ನೆ ಕೇಳಿದೆವು. ಒಂದು ಗುಂಪಿನಲ್ಲಿ ರೂಮು ಕಡಿಮೆ ಬಿದ್ದಾಗ ಏನು ಮಾಡಿದಿರಿ? ಮೊದಲು ಯಾರ ಜೊತೆ ಮಾತಾಡಿದರು, ಯಾವ ಹೋಟೆಲ್‌ಗೆ ಫೋನ್ ಮಾಡಿದರು, ಆಟೊ ದುಡ್ಡು ಯಾರು ಕೊಟ್ಟರು, ಎಲ್ಲವನ್ನೂ ಸಾಲಾಗಿ ಹೇಳಿದರು. ಕಟ್ಟಿ ಹೇಳುವವರಿಗೆ ಆಟೊ ದುಡ್ಡು ನೆನಪಿಗೆ ಬರುವುದಿಲ್ಲ.

ನಾಲ್ಕನೇ ಸಾಲು ಸಾಫ್ಟ್‌ವೇರ್: "ಒಪೇರಾ, ಐಡಿಎಸ್, ಎಂಎಸ್ ಆಫೀಸ್." ನಮ್ಮವರು ಹೆಚ್ಚು ಮೋಸ ಹೋಗುವುದು ಇಲ್ಲಿ. ಒಪೇರಾ ಅನ್ನುವುದು ಒರಾಕಲ್ ಕಂಪನಿಯದು, ದೊಡ್ಡ ಸರಣಿ ಹೋಟೆಲ್‌ಗಳಲ್ಲಿ ಜಾಸ್ತಿ. ಐಡಿಎಸ್ ಬೆಂಗಳೂರಿನ ಕಂಪನಿ, ಮಧ್ಯಮ ಹೋಟೆಲ್‌ಗಳಲ್ಲೂ ಕಾಣುತ್ತದೆ. ಒಪೇರಾ ಅಂತ ಕಂಡ ಕೂಡಲೇ ಕಣ್ಣರಳಿಸುತ್ತೇವೆ. ಆದರೆ ಆಕೆ ಒಪೇರಾ ನೋಡಿದ್ದು ಟ್ರೈನಿಂಗ್‌ನಲ್ಲಿ. ಟ್ರೈನಿಗಳಿಗೆ ಕೊಡುವ ಲಾಗಿನ್‌ನಲ್ಲಿ ಬಹಳ ಕಡೆ ನೋಡುವುದಕ್ಕೆ, ಹೆಸರು ಹುಡುಕುವುದಕ್ಕೆ ಮಾತ್ರ ಅವಕಾಶ ಇರುತ್ತದೆ. ಬಿಲ್ಲು ಮುಟ್ಟಲು ಬಿಡುವುದಿಲ್ಲ.

ಅದಕ್ಕೇ ಸಾಫ್ಟ್‌ವೇರ್ ಹೆಸರಿಗಿಂತ ಲಾಗಿನ್‌ಗೆ ಏನೇನು ಹಕ್ಕಿತ್ತು ಅಂತ ಕೇಳುವುದು ಮೇಲು. ನಾನು ಎರಡು ಕೆಲಸ ಕೊಟ್ಟು ಕೇಳುತ್ತೇನೆ. ಒಂದು, ರೂಮ್ ಬಾಡಿಗೆ ಕಂಪನಿಯವರು ಕೊಡುತ್ತಾರೆ, ಊಟ ಮತ್ತು ಲಾಂಡ್ರಿ ಅತಿಥಿ ಕೊಡುತ್ತಾರೆ, ಬಿಲ್ಲು ಹೇಗೆ ಮಾಡುತ್ತೀರಿ? ಗೊತ್ತಿದ್ದವರು ಚೆಕ್‌ಇನ್ ಹೊತ್ತಿಗೇ ಬಿಲ್ಲು ಎರಡು ಮಾಡಿ, ಯಾವ ಖರ್ಚು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಹೇಳಿಡುತ್ತಾರೆ. ಗೊತ್ತಿಲ್ಲದವರು ಹೊರಡುವ ಹೊತ್ತಿಗೆ ಒಂದೊಂದೇ ಸಾಲು ಎಳೆದು ಎಳೆದು ಹಾಕುತ್ತಾರೆ, ಅತಿಥಿ ಗಡಿಯಾರ ನೋಡುತ್ತಾ ನಿಂತಿರುತ್ತಾರೆ.

ಎರಡು, 204ರ ಊಟದ ಬಿಲ್ಲು ತಪ್ಪಿ 304ಕ್ಕೆ ಬಿದ್ದಿದೆ, ಹೇಗೆ ಸರಿ ಮಾಡುತ್ತೀರಿ? ಇದಕ್ಕೆ ಸರಿಯಾದ ಉತ್ತರ ಇನ್ನೊಂದು ಪ್ರಶ್ನೆಯಿಂದ ಶುರುವಾಗುತ್ತದೆ: "ನೈಟ್ ಆಡಿಟ್ ಆಗಿದೆಯಾ?" ಆಗಿಲ್ಲ ಅಂದರೆ ತಪ್ಪಿದ್ದನ್ನು ತೆಗೆದು ಸರಿಯಾದ ರೂಮಿಗೆ ಹಾಕಬಹುದು. ಆಗಿದ್ದರೆ ಆ ದಿನದ ಲೆಕ್ಕ ಮುಚ್ಚಿದೆ. ಆಗ ಮ್ಯಾನೇಜರ್ ಒಪ್ಪಿಗೆ ತಗೊಂಡು, 304ರ ಬಿಲ್ಲಿನಿಂದ ಆ ಮೊತ್ತ ಕಳೆಯುವ ಅಲೊವೆನ್ಸ್ ಹಾಕಿ, 204ಕ್ಕೆ ಹೊಸದಾಗಿ ಬರೆಯಬೇಕು. ಆಕೆ ಹೇಳಿದ್ದು: "ಅವತ್ತಿಂದ ಆದ್ರ ನಾನ ಮಾಡ್ತಿದ್ದೆ. ನಿನ್ನಿದು ಆದ್ರ ನನ್ನ ಲಾಗಿನ್‌ನ್ಯಾಗ ಬರ್ತಿದ್ದಿಲ್ರಿ, ಅಕೌಂಟ್ಸ್‌ನವರಿಗೆ ಸ್ಲಿಪ್ ಕೊಡ್ತಿದ್ದೆ." ಈ ಒಂದು ಮಾತಿನಲ್ಲಿ ಎರಡು ವಿಷಯ ಸಿಕ್ಕವು. ತಾರೀಖು ಮುಚ್ಚುವುದು ಅಂದರೆ ಏನು ಅಂತ ಗೊತ್ತಿದೆ. ತನ್ನ ಮಿತಿ ಎಲ್ಲಿತ್ತು ಅಂತಲೂ ನೇರ ಹೇಳುತ್ತಾರೆ.

ಇಂಥವರಿಗೆ ನಿಮ್ಮ ಹೋಟೆಲ್‌ನ ಸಾಫ್ಟ್‌ವೇರ್ ಬೇರೆಯಾದರೂ ಹೆಚ್ಚಿನ ಚಿಂತೆ ಬೇಡ. ಗುಂಡಿಗಳು ಬೇರೆ ಕಡೆ ಇರುತ್ತವೆ, ಕೆಲಸ ಅದೇ. ಒಂದು ಸಾಫ್ಟ್‌ವೇರ್‌ನಲ್ಲಿ ಪೂರ್ತಿ ದುಡಿದವರು ಇನ್ನೊಂದನ್ನು ಎರಡು ವಾರದಲ್ಲಿ ಹಿಡಿಯುತ್ತಾರೆ. ನೈಟ್ ಆಡಿಟ್ ತಾವೇ ಮಾಡದವರನ್ನು ಮಾತ್ರ ಒಂಟಿಯಾಗಿ ರಾತ್ರಿ ಕೂರಿಸಬೇಡಿ, ಸಾಫ್ಟ್‌ವೇರ್ ಯಾವುದೇ ಇರಲಿ. ಆಕೆಯ ಹಳೇ ಹೋಟೆಲ್‌ನಲ್ಲಿ ಆಡಿಟ್ ಮಾಡುತ್ತಿದ್ದುದು ಅಕೌಂಟ್ಸ್‌ನ ಒಬ್ಬರು, ಆಕೆ ಪಕ್ಕದಲ್ಲಿ ಕೂತು ವರದಿ ತೆಗೆದುಕೊಡುತ್ತಿದ್ದರು. ಇದು ರೆಸ್ಯೂಮೆಯಲ್ಲಿ ಇರಲಿಲ್ಲ. ಕೇಳಿದ್ದಕ್ಕೆ ಗೊತ್ತಾಯಿತು.

ಇಲ್ಲಿ ಒಬ್ಬರು ಕೇಳಿದರು, ಲೆಡ್ಜರ್‌ನಲ್ಲೇ ಕೆಲಸ ಮಾಡಿದ ಲಾಡ್ಜ್ ಹುಡುಗರ ರೆಸ್ಯೂಮೆ ಬಂದರೆ ತೆಗೆದುಹಾಕಬೇಕಾ ಅಂತ. ನಾನಾದರೆ ತೆಗೆಯುವುದಿಲ್ಲ. ದಿನಾ ರಾತ್ರಿ ಲೆಡ್ಜರ್ ಕಟ್ಟಿ, ಗಲ್ಲಾ ಎಣಿಸಿ, ಬೆಳಿಗ್ಗೆ ಮಾಲೀಕರಿಗೆ ಒಪ್ಪಿಸಿದ ಹುಡುಗ ನೈಟ್ ಆಡಿಟ್ ಅನ್ನು ಕೈಯಲ್ಲೇ ಮಾಡಿದ್ದಾನೆ. ಅವನಿಗೆ ಕಂಪ್ಯೂಟರ್ ಕಲಿಸುವುದು ಸುಲಭ. ನನಗೆ ಅನುಮಾನ ಬರುವುದು ಬೇರೆ ಥರದ ರೆಸ್ಯೂಮೆ ಕಂಡರೆ. ಇಪ್ಪತ್ತು ರೂಮಿನ ಲಾಡ್ಜ್‌ನಲ್ಲಿ ಕೆಲಸ ಮಾಡಿ "ಕನ್ಸಿಯರ್ಜ್ ತಂಡದ ಸಮನ್ವಯ, ಬೆಲ್ ಡೆಸ್ಕ್ ಮೇಲ್ವಿಚಾರಣೆ" ಅಂತ ಬರೆದಿರುತ್ತಾರೆ. ಅಷ್ಟು ಚಿಕ್ಕ ಜಾಗದಲ್ಲಿ ಅಂಥ ವಿಭಾಗಗಳೇ ಇರುವುದಿಲ್ಲ. ಯಾರದೋ ರೆಸ್ಯೂಮೆಯಿಂದ ಎತ್ತಿದ ಸಾಲು ಅದು.

ಈಗ ಪಾಳಿ. "ಯಾವುದೇ ಶಿಫ್ಟ್‌ಗೆ ಸಿದ್ಧ" ಅನ್ನುವ ಸಾಲು ಎಲ್ಲ ರೆಸ್ಯೂಮೆಯಲ್ಲೂ ಇರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ನಾವೂ ನಮ್ಮ ಪಾಳಿ ಏನು ಅಂತ ಬರೆದಿರುವುದಿಲ್ಲ. ಮೊದಲು ನಮ್ಮ ಲೆಕ್ಕ ನಾವು ಮಾಡಿಕೊಳ್ಳಬೇಕು.

ಬೆಳಿಗ್ಗೆ ಏಳರಿಂದ ಮೂರು, ಮೂರರಿಂದ ಹನ್ನೊಂದು, ಹನ್ನೊಂದರಿಂದ ಏಳು. ಒಂದೊಂದು ಪಾಳಿಗೆ ಒಬ್ಬರೇ ಅಂದರೂ ವಾರಕ್ಕೆ 21 ಪಾಳಿ ತುಂಬಬೇಕು. ನಿಮ್ಮಲ್ಲಿ ನಾಲ್ಕು ಜನ ಇದ್ದಾರೆ, ವಾರಕ್ಕೊಂದು ರಜೆ ಬಿಟ್ಟರೆ ಒಬ್ಬರಿಗೆ ಆರು ಪಾಳಿ, ಒಟ್ಟು 24. ಮೂರು ಮಿಗುತ್ತವೆ. ಒಬ್ಬರು ಜ್ವರ ಬಂದು ವಾರ ಬರಲಿಲ್ಲ ಅಂದರೆ ಉಳಿಯುವುದು 18. ಮೂರು ಪಾಳಿ ಖಾಲಿ. ಆಗ ರಾತ್ರಿ ಮಾಡಿ ಬೆಳಿಗ್ಗೆ ಏಳಕ್ಕೆ ಮನೆಗೆ ಹೋದವರನ್ನು ಮೂರಕ್ಕೆ ಮತ್ತೆ ಕರೆಯುತ್ತೇವೆ. ಅದಕ್ಕೆ "ಹೊಂದಿಕೊಳ್ಳುವ ಗುಣ" ಅಂತ ಹೆಸರಿಡುತ್ತೇವೆ. ಅದು ಗುಣದ ಪ್ರಶ್ನೆ ಅಲ್ಲ, ಜನ ಕಡಿಮೆ ಇದ್ದಾರೆ ಅಷ್ಟೇ. ಮೂರೇ ಜನ ಇಟ್ಟುಕೊಂಡು ಐದನೇ ಸಲ ಜಾಹೀರಾತು ಹಾಕುವವರು ಯಾವ ರೆಸ್ಯೂಮೆ ಓದಿದರೂ ಪರಿಹಾರ ಸಿಗುವುದಿಲ್ಲ. ಇದನ್ನು ನಾನು ನಿಷ್ಠುರವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಿಟ್ಟು ಹೋಗುವ ಹುಡುಗ ಹುಡುಗಿಯರ ಮೇಲೆ ತಪ್ಪು ಹಾಕುವುದನ್ನು ಕೇಳಿ ಕೇಳಿ ಬೇಸರವಾಗಿದೆ.

ಲೆಕ್ಕ ಆದ ಮೇಲೆ ಜಾಹೀರಾತಿನಲ್ಲೇ ಬರೆಯಿರಿ: ತಿಂಗಳಿಗೆ ಎಂಟು ರಾತ್ರಿ, ಪಾಳಿ ಬದಲಾಗುವಾಗ ಒಂದು ದಿನ ಬಿಡುವು, ಮದುವೆ ಸೀಸನ್‌ನಲ್ಲಿ ಶನಿವಾರ ಭಾನುವಾರ ರಜೆ ಇಲ್ಲ, ಊಟ ಇದೆ, ಉಳಿಯಲು ಜಾಗ ಇದೆ ಅಥವಾ ಇಲ್ಲ. ಇಷ್ಟು ಬರೆದರೆ ಆಗದವರು ತಾವೇ ಅರ್ಜಿ ಹಾಕುವುದಿಲ್ಲ.

ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಗಂಡಿರಲಿ ಹೆಣ್ಣಿರಲಿ. "ಪಾಳಿ ಹನ್ನೊಂದಕ್ಕೆ ಮುಗಿಯುತ್ತದೆ, ಮನೆಗೆ ಹೇಗೆ ಹೋಗುತ್ತೀರಿ? ಬೆಳಿಗ್ಗೆ ಏಳಕ್ಕೆ ಹೇಗೆ ಬರುತ್ತೀರಿ?" ಧಾರವಾಡದವರು ಚಿಗರಿ ಬಸ್ಸಿಗೆ ಬರುತ್ತೇನೆ ಅನ್ನುತ್ತಾರೆ. ಆ ಹೊತ್ತಿನಲ್ಲಿ ಬಸ್ ಇದೆಯಾ ಅಂತ ಇಬ್ಬರೂ ಕೂತು ನೋಡಿ. ಗದಗಿನಿಂದ ಅಪ್ ಅಂಡ್ ಡೌನ್ ಮಾಡುತ್ತೇನೆ ಅನ್ನುವವರಿಗೆ ಬೆಳಗಿನ ಪಾಳಿ ಹೆಚ್ಚು ದಿನ ನಡೆಯುವುದಿಲ್ಲ. ಆದರೆ ರೆಸ್ಯೂಮೆಯಲ್ಲಿ ಗದಗಿನ ವಿಳಾಸ ಕಂಡ ತಕ್ಷಣ ಪಕ್ಕಕ್ಕಿಡುವುದೂ ತಪ್ಪು. ಎಷ್ಟೋ ಜನ ಇಲ್ಲೇ ಪಿಜಿಯಲ್ಲಿ ಇರಲು ತಯಾರಿರುತ್ತಾರೆ, ವಿಳಾಸ ಮಾತ್ರ ಊರಿನದು ಬರೆದಿರುತ್ತಾರೆ.

ಹೆಣ್ಣುಮಕ್ಕಳಿಗೆ ಮದುವೆ ಯಾವಾಗ, ಮನೆಯಲ್ಲಿ ಒಪ್ಪುತ್ತಾರಾ ಅಂತ ಕೇಳುವ ರೂಢಿ ಬಿಡಬೇಕು. ರಾತ್ರಿ ಪಾಳಿಯ ವಿಷಯದಲ್ಲಿ ನಾವು ಮಾಡಬೇಕಾದ ಕೆಲಸವೇ ಬೇರೆ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಹೆಣ್ಣುಮಕ್ಕಳು ರಾತ್ರಿ ಕೆಲಸ ಮಾಡಲು ಅವಕಾಶ ಆಯಿತು, ಆದರೆ ಷರತ್ತುಗಳಿವೆ. ಅವರ ಒಪ್ಪಿಗೆ ಬರಹದಲ್ಲಿರಬೇಕು, ಮನೆಯಿಂದ ಕರೆತಂದು ಬಿಡುವ ವ್ಯವಸ್ಥೆ ನಾವು ಮಾಡಬೇಕು. ರೆಸ್ಯೂಮೆಯಲ್ಲಿ "ಸಿದ್ಧ" ಅಂತ ಬರೆದದ್ದನ್ನು ಆ ಒಪ್ಪಿಗೆ ಅಂತ ತಿಳಿಯಬೇಡಿ.

ಇನ್ನೊಬ್ಬರು ಹಳೇ ಹೋಟೆಲ್‌ಗೆ ಫೋನ್ ಮಾಡುವ ಬಗ್ಗೆ ಕೇಳಿದರು. ಮಾಡಿ, ಆದರೆ ಅಭ್ಯರ್ಥಿಗೆ ಹೇಳಿ ಮಾಡಿ. ಇನ್ನೂ ಅಲ್ಲೇ ಕೆಲಸದಲ್ಲಿದ್ದರೆ ಅವರು ಒಪ್ಪದೆ ಮಾಡಲೇಬೇಡಿ, ಇದ್ದ ಕೆಲಸ ಹೋದೀತು. "ಹೇಗೆ ಹುಡುಗಿ?" ಅಂತ ಕೇಳಿದರೆ "ಚಲೋ ಅದಾಳ್ರಿ" ಅಂತಾರೆ, ಅಷ್ಟೇ. ಬದಲಿಗೆ, ರಾತ್ರಿ ಒಬ್ಬರೇ ಕೂರುತ್ತಿದ್ದರಾ, ಗಲ್ಲಾ ಯಾರಿಗೆ ಒಪ್ಪಿಸುತ್ತಿದ್ದರು ಅಂತ ಕೇಳಿ. ಇದಕ್ಕೆ ಖಚಿತ ಉತ್ತರ ಬರುತ್ತದೆ.

ಗದಗಿನ ಆ ಹೆಣ್ಣುಮಗಳ ವಿಷಯದಲ್ಲಿ ಇಲ್ಲಿನ 60 ರೂಮಿನ ಹೋಟೆಲ್‌ನವರು ಏನು ಮಾಡಿದರು ಅಂತ ಹೇಳಿ ಮುಗಿಸುತ್ತೇನೆ. ಅತಿಥಿ ಸೇವೆಗೆ ಸಾಕ್ಷಿ ಗಟ್ಟಿಯಾಗಿತ್ತು. ಸಾಫ್ಟ್‌ವೇರ್‌ನಲ್ಲಿ ಬಿಲ್ಲಿಂಗ್ ಸರಿ, ನೈಟ್ ಆಡಿಟ್ ಅರ್ಧ. ಪಾಳಿಯ ಬಗ್ಗೆ, ವಾಹನ ಕೊಟ್ಟರೆ ತಿಂಗಳಿಗೆ ಎಂಟು ರಾತ್ರಿಗೆ ಒಪ್ಪಿಗೆ ಬರೆದುಕೊಟ್ಟರು, ಕೇಶ್ವಾಪುರದಲ್ಲಿ ಪಿಜಿ ಹುಡುಕಿಕೊಂಡರು. ಅವರ ಜೊತೆ ಕೊನೆವರೆಗೆ ಉಳಿದಿದ್ದ ಇನ್ನೊಬ್ಬ ಅಭ್ಯರ್ಥಿ ಸರಣಿ ಹೋಟೆಲ್‌ನಿಂದ ಬಂದವರು. ಒಪೇರಾ ಚೆನ್ನಾಗಿ ಗೊತ್ತಿತ್ತು, ಆದರೆ ರಾತ್ರಿ ಪಾಳಿ ಸಾಧ್ಯವಿಲ್ಲ ಅಂತ ಮೊದಲೇ ನೇರವಾಗಿ ಹೇಳಿದ್ದರು. ಅವರನ್ನು ಬೆಳಗಿನ ಪಾಳಿಗೆ ಮುಂದೆ ಜಾಗ ಖಾಲಿಯಾದಾಗ ಕರೆಯಲು ಪಟ್ಟಿಯಲ್ಲಿಟ್ಟರು. ಗದಗಿನ ಹೆಣ್ಣುಮಗಳನ್ನು ಸೇರಿಸಿಕೊಂಡರು. ಮೊದಲ ವಾರ ಬೆಳಿಗ್ಗೆ, ಎರಡನೇ ವಾರ ಮಧ್ಯಾಹ್ನ, ಮೂರನೇ ವಾರ ಹಳಬರ ಜೊತೆ ರಾತ್ರಿ ಕೂತು ಆಡಿಟ್ ಕಲಿಯುವುದು. ಅದರ ಕೊನೆಯ ಎರಡು ರಾತ್ರಿ ಆಕೆಯೇ ಆಡಿಟ್ ಮಾಡುವುದು, ಹಳಬರು ಪಕ್ಕದಲ್ಲಿ ಕೂತು ನೋಡುವುದು. ನಾಲ್ಕನೇ ವಾರದಿಂದ ರಾತ್ರಿ ಪಾಳಿಗೆ ಆಕೆಯ ಹೆಸರೂ ಪಟ್ಟಿಗೆ ಸೇರಿತು.